ಹೊಸ ಕೋಡ್, ಹಳೇ ಟೇಬಲ್

ನಾಲ್ಕೈದು ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಬುಕ್ ಮಾಡಿಕೊಡುವ ಒಂದು ವೆಬ್ ಆ್ಯಪ್ ಇದೆ ಎಂದು ಇಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಅದರ ಹೊಸ ಆವೃತ್ತಿಯನ್ನು ಸರ್ವರಿಗೆ ಏರಿಸುತ್ತಾರೆ. ಸ್ಕ್ರಿಪ್ಟ್ ಕೊನೆಯವರೆಗೂ ಓಡುತ್ತದೆ, ಸರ್ವಿಸ್ ಮತ್ತೆ ಶುರುವಾಗುತ್ತದೆ, ಮುಖಪುಟ ತೆರೆದು ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬೆಳಗ್ಗೆ ಎಂಟಕ್ಕೆ ಕೌಂಟರಿನವರ ಫೋನು: “ಸರ್, ಪೇಶೆಂಟ್ ಹೆಸರು ಹಾಕಿ ಹುಡುಕಿದ್ರೆ ಎರರ್ ಬರ್ತಿದೆ. ಲಾಗಿನ್ ಆಗ್ತಿದೆ, ಡಾಕ್ಟರ್ ಲಿಸ್ಟೂ ಬರ್ತಿದೆ. ಪೇಶೆಂಟ್ ಮಾತ್ರ ಒಬ್ರೂ ಸಿಗ್ತಿಲ್ಲ.” ಸರ್ವರ್ ನಿಂತಿಲ್ಲ, ಡೇಟಾಬೇಸ್ ನಿಂತಿಲ್ಲ, ಒಬ್ಬ ರೋಗಿಯ ಮಾಹಿತಿಯೂ ಅಳಿಸಿಹೋಗಿಲ್ಲ. ಆದರೂ ಕ್ಲಿನಿಕ್‌ನ ಕೆಲಸ ನಿಂತಿದೆ.

ಆ್ಯಪ್ ಎಂದರೆ ಎರಡು ಬೇರೆ ಬೇರೆ ವಸ್ತುಗಳು. ಒಂದು ಕೋಡ್. ಅದು ಫೈಲುಗಳ ಗಂಟು. ಹಳೆಯದನ್ನು ತೆಗೆದು ಹೊಸದನ್ನು ಇಟ್ಟರೆ ಮುಗಿಯಿತು. ಇನ್ನೊಂದು ಡೇಟಾಬೇಸ್. ಅದರಲ್ಲಿ ವರ್ಷಗಳಿಂದ ಕೂಡಿಟ್ಟ ಮಾಹಿತಿ ಟೇಬಲ್‌ಗಳಲ್ಲಿ ಕೂತಿರುತ್ತದೆ. ಯಾವ ಟೇಬಲ್‌ನಲ್ಲಿ ಯಾವ ಕಾಲಂ ಇದೆ, ಅದರಲ್ಲಿ ಏನು ಬರೆಯಬಹುದು, ಏನು ಬರೆಯಬಾರದು ಎಂಬ ಕಟ್ಟುಪಾಡಿಗೆ ಸ್ಕೀಮಾ ಎನ್ನುತ್ತಾರೆ. ಡೇಟಾಬೇಸನ್ನು ಕೋಡಿನ ಹಾಗೆ ಕಿತ್ತು ಬದಲಾಯಿಸಲಾಗದು, ಒಳಗಿರುವ ಮಾಹಿತಿಗೆ ಧಕ್ಕೆಯಾಗದಂತೆ ಇದ್ದಲ್ಲೇ ತಿದ್ದಬೇಕು. ತಿದ್ದುವ ಆದೇಶಗಳನ್ನು ಬರೆದಿಟ್ಟ ಸಣ್ಣ ಫೈಲೇ ಮೈಗ್ರೇಷನ್. ಹೊಸ ಕೋಡು ತಾನು ಬಯಸಿದ ಕಾಲಂ ಅಲ್ಲಿ ಇದ್ದೇ ಇದೆ ಎಂದು ನಂಬಿಕೊಂಡು ಎದ್ದೇಳುತ್ತದೆ. ಮೈಗ್ರೇಷನ್ ಸೋತಿದ್ದರೆ ಆ ನಂಬಿಕೆ ಸುಳ್ಳು. ಕಚೇರಿಯಲ್ಲಿ ಹೊಸ ಅರ್ಜಿ ನಮೂನೆ ಬಂದು ರಿಜಿಸ್ಟರ್ ಮಾತ್ರ ಹಳೆಯದೇ ಉಳಿದರೆ, ಹೊಸ ನಮೂನೆಯ ಒಂಬತ್ತನೇ ಕಲಮನ್ನು ಗುಮಾಸ್ತ ಎಲ್ಲಿ ಬರೆದುಕೊಳ್ಳಬೇಕು? ಗುಮಾಸ್ತನಾದರೆ ಅಂಚಿನಲ್ಲಿ ಎಲ್ಲೋ ಗೀಚಿ ಕೆಲಸ ಸಾಗಿಸಿಯಾನು. ಡೇಟಾಬೇಸಿಗೆ ಆ ಬುದ್ಧಿ ಇಲ್ಲ.

ನಮ್ಮ ಕ್ಲಿನಿಕ್ ಆ್ಯಪ್ ಪೈಥಾನ್ ಭಾಷೆಯ ಜಾಂಗೊ ಎಂಬ ಚೌಕಟ್ಟಿನಲ್ಲಿದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂದುಕೊಳ್ಳೋಣ. ಎರಡೂ ಇಂದು ತುಂಬ ಬಳಕೆಯಲ್ಲಿರುವ ಉಚಿತ ತಂತ್ರಾಂಶಗಳು. ಆ ರಾತ್ರಿಯ 42ನೇ ಮೈಗ್ರೇಷನ್‌ನಲ್ಲಿ ಎರಡು ಕೆಲಸವಿತ್ತು. ರೋಗಿಗಳ ಟೇಬಲ್‌ಗೆ `whatsapp_ok` ಎಂಬ ಹೊಸ ಕಾಲಂ ಸೇರಿಸುವುದು ಮೊದಲನೆಯದು. ವಾಟ್ಸ್ಆ್ಯಪ್‌ನಲ್ಲಿ ನೆನಪೋಲೆ ಕಳಿಸಲು ರೋಗಿ ಒಪ್ಪಿದ್ದಾರೆಯೇ ಎಂದು ಗುರುತಿಸಲು ಅದು ಬೇಕಿತ್ತು. ಒಂದು ಮೊಬೈಲ್ ನಂಬರು ಒಬ್ಬ ರೋಗಿಗೆ ಮಾತ್ರ ಎಂಬ ನಿಯಮ ಹಾಕುವುದು ಎರಡನೆಯದು. ಡೆವಲಪರ್ ತನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದಾಗ ಎರಡೂ ಸಲೀಸಾಗಿ ಆದವು. ಅಲ್ಲಿ ಇದ್ದದ್ದು ಪರೀಕ್ಷೆಗೆಂದು ತಾನೇ ತುಂಬಿಸಿದ ಬೆರಳೆಣಿಕೆಯ ರೋಗಿಗಳು, ಒಬ್ಬೊಬ್ಬರಿಗೂ ಒಂದೊಂದು ನಂಬರು. ನಿಜವಾದ ಸರ್ವರಿನಲ್ಲಿ ಲಕ್ಷಗಟ್ಟಲೆ ರೋಗಿಗಳು. ಅಜ್ಜಿ, ಸೊಸೆ, ಎರಡು ಮಕ್ಕಳು, ಎಲ್ಲರ ಹೆಸರಿನ ಮುಂದೆಯೂ ಮನೆಯ ಒಂದೇ ಮೊಬೈಲ್ ನಂಬರು. ನಿಯಮ ಹಾಕಲು ಹೋದ ಪೋಸ್ಟ್‌ಗ್ರೆಸ್ ಇದನ್ನು ಕಂಡು ನಿರಾಕರಿಸಿತು:

```
django.db.utils.IntegrityError:
could not create unique index "patient_mobile_uniq"
```

ಇಷ್ಟರಲ್ಲಿ ಹೊಸ ಕಾಲಂ ಸೇರಿಯಾಗಿತ್ತಲ್ಲ, ಅದೇನಾಯಿತು? ಪೋಸ್ಟ್‌ಗ್ರೆಸ್‌ನಲ್ಲಿ ಸ್ಕೀಮಾ ಬದಲಾವಣೆಯೂ ಟ್ರಾನ್ಸಾಕ್ಷನ್ ಒಳಗೆ ನಡೆಯಬಲ್ಲದು. ಜಾಂಗೊ ಒಂದೊಂದು ಮೈಗ್ರೇಷನ್ ಫೈಲನ್ನೂ ಒಂದೊಂದು ಟ್ರಾನ್ಸಾಕ್ಷನ್ನಿನಲ್ಲಿ ಸುತ್ತಿ ಕಳಿಸುತ್ತದೆ. ಒಳಗಿನ ಒಂದು ಹೆಜ್ಜೆ ಸೋತರೆ ಎಲ್ಲವೂ ಆಗಿಯೇ ಇಲ್ಲವೆನ್ನುವಂತೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಎರಡನೇ ಹೆಜ್ಜೆ ಎಡವಿದ್ದಕ್ಕೆ ಮೊದಲನೆಯದೂ ಅಳಿಸಿಹೋಯಿತು. ಸ್ಕೀಮಾ ಪೂರ್ತಿ ಹಳೆಯದು, ಗುಲಗಂಜಿಯಷ್ಟೂ ಬದಲಾಗಿಲ್ಲ. ಇದು ಅದೃಷ್ಟದ ಸಂಗತಿ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಮೈಗ್ರೇಷನ್ ಸೋಲುವುದು ದೊಡ್ಡ ಅಪರಾಧವಲ್ಲ. ಒಪ್ಪಲಾಗದ ನಿಯಮವನ್ನು ಡೇಟಾಬೇಸ್ ತಡೆದದ್ದು ತನ್ನ ಕೆಲಸ ತಾನು ಮಾಡಿದಂತೆಯೇ. ಸೋತ ಮೇಲೂ ಹೊಸ ಕೋಡು ಎದ್ದು ನಿಂತದ್ದೇ ಇಲ್ಲಿಯ ತಪ್ಪು. ಅದು ಹೇಗೆ ಸಾಧ್ಯವಾಯಿತು ಎಂದು ಸ್ಕ್ರಿಪ್ಟ್ ತೆರೆದು ನೋಡಿದರೆ ಸಿಗುವ ಸಾಲುಗಳು ಇವು:

```
set -e
python manage.py migrate 2>&1 | tee migrate.log
systemctl restart booking
```

ಮೇಲ್ನೋಟಕ್ಕೆ ಜಾಗರೂಕರೇ ಬರೆದಂತಿದೆ. ಯಾವ ಆದೇಶ ಸೋತರೂ ಅಲ್ಲಿಗೇ ನಿಲ್ಲು ಎಂದು ಮೊದಲ ಸಾಲು ಹೇಳುತ್ತದೆ. ಎರಡನೇ ಸಾಲು ಮೈಗ್ರೇಷನ್ ಓಡಿಸಿ, ಅದು ಹೇಳಿದ್ದನ್ನೆಲ್ಲ ಪರದೆಗೂ ತೋರಿಸಿ ಫೈಲಿಗೂ ಬರೆಯುತ್ತದೆ. ಮೋಸ ಇರುವುದು ನಡುವಿನ ಆ ಉದ್ದಗೆರೆಯಲ್ಲಿ. ಲಿನಕ್ಸ್‌ನಲ್ಲಿ ಪ್ರತಿ ಆದೇಶವೂ ಮುಗಿಯುವಾಗ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ: ಸೊನ್ನೆಯಾದರೆ ಗೆಲುವು, ಬೇರೇನಿದ್ದರೂ ಸೋಲು. ಎರಡು ಆದೇಶಗಳನ್ನು ಹೀಗೆ ಗೆರೆಯಿಂದ ಜೋಡಿಸಿದಾಗ ಬ್ಯಾಷ್ ನೋಡುವುದು ಕೊನೆಯ ಆದೇಶದ ಸಂಖ್ಯೆಯನ್ನು ಮಾತ್ರ. ಇಲ್ಲಿ ಕೊನೆಯದು `tee`. ಎರರ್ ಸಂದೇಶವನ್ನು ಚೊಕ್ಕವಾಗಿ ಫೈಲಿಗೆ ಬರೆದು ಅದು ಗೆದ್ದಿತು. ಸೊನ್ನೆ ಬಂತು, ಸ್ಕ್ರಿಪ್ಟ್ ಮುಂದೆ ಹೋಯಿತು. ಅನುಮಾನವಿದ್ದವರು ಯಾವ ಲಿನಕ್ಸ್ ಪರದೆಯಲ್ಲಾದರೂ ಇದನ್ನು ಓಡಿಸಿ ನೋಡಬಹುದು:

```
false | tee x.log; echo $?
```

`false` ಎಂಬುದು ಸೋಲುವುದಕ್ಕೆಂದೇ ಇರುವ ಆದೇಶ. ಆದರೂ ಉತ್ತರ 0 ಎಂದು ಬರುತ್ತದೆ. ಸ್ಕ್ರಿಪ್ಟಿನ ಮೇಲ್ಗಡೆ `set -o pipefail` ಎಂದು ಬರೆದಿದ್ದರೆ ಸಾಲಿನಲ್ಲಿ ಯಾರು ಸೋತರೂ ಇಡೀ ಸಾಲು ಸೋತಂತೆ ಲೆಕ್ಕ. ಲಾಗ್ ಇಡಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಈ ತೂತು ಬೀಳುತ್ತದೆ ಎಂಬುದು ಇದರ ಕುಚೋದ್ಯ. ಮೈಗ್ರೇಷನ್ ಸಾಲಿನ ಕೊನೆಗೆ `|| true` ಎಂದು ಬರೆದಿರುವ ಸ್ಕ್ರಿಪ್ಟುಗಳೂ ಇರುತ್ತವೆ. ಎಂದೋ ಒಂದು ದಿನ ಅರ್ಜೆಂಟಿಗೆ ಸೇರಿಸಿದ್ದು, ತೆಗೆಯಲು ಯಾರಿಗೂ ಧೈರ್ಯವಿಲ್ಲದೆ ಹಾಗೇ ಉಳಿದುಬಿಟ್ಟಿರುತ್ತದೆ.

ಈಗ ಕೌಂಟರಿನವರ ದೂರಿಗೆ ಬರೋಣ. ರೋಗಿಯನ್ನು ಹುಡುಕಿದರೆ ಏಕೆ ಎರರ್? ಹುಡುಕುವವರು ವಾಟ್ಸ್ಆ್ಯಪ್ ಒಪ್ಪಿಗೆಯ ಗೊಡವೆಗೇ ಹೋಗಿಲ್ಲವಲ್ಲ! ಜಾಂಗೊ ಒಂದು ಟೇಬಲ್‌ನಿಂದ ಸಾಲು ಓದುವಾಗ ಕೋಡಿನಲ್ಲಿ ಬರೆದಿರುವ ಎಲ್ಲ ಕಾಲಂಗಳನ್ನೂ ಹೆಸರಿಡಿದು ಕೇಳುತ್ತದೆ. ಆ ಪಟ್ಟಿಯಲ್ಲಿ ಹೊಸ ಹೆಸರೂ ಸೇರಿರುವುದರಿಂದ ರೋಗಿಗಳ ಟೇಬಲನ್ನು ಮುಟ್ಟುವ ಪ್ರತಿಯೊಂದು ಪುಟವೂ ಬೀಳುತ್ತದೆ:

```
ProgrammingError: column clinic_patient.whatsapp_ok
does not exist
```

ಲಾಗಿನ್, ಡಾಕ್ಟರ್ ಪಟ್ಟಿ, ಮುಖಪುಟ ಆ ಟೇಬಲ್ ಕಡೆ ಹೋಗುವುದಿಲ್ಲ. ಅದಕ್ಕೇ ಅವು ಸರಿಯಾಗಿವೆ. ರೂಬಿ ಆನ್ ರೈಲ್ಸ್‌ನಲ್ಲಿ ಬರೆದ ಆ್ಯಪ್ ಆಗಿದ್ದರೆ ಚಿತ್ರ ಬೇರೆ. ಅದು ಸಾಮಾನ್ಯವಾಗಿ ನಕ್ಷತ್ರ ಚಿಹ್ನೆ ಬಳಸಿ ಇರುವ ಕಾಲಂಗಳನ್ನೆಲ್ಲ ಕೊಡು ಎನ್ನುತ್ತದೆ, ಹೀಗಾಗಿ ಹುಡುಕಾಟ ನಡೆಯುತ್ತದೆ. ಯಾರೋ ಒಬ್ಬರು ಒಪ್ಪಿಗೆಯ ಗುರುತು ಹಾಕಿ ಉಳಿಸಲು ಹೋದಾಗ ಮಾತ್ರ ಎರರ್. ಕೇಳಲು ಇದು ಮೇಲು ಎನಿಸುತ್ತದೆ. ಆದರೆ ಇಂಥದ್ದು ಮೂರು ದಿನ ಯಾರ ಕಣ್ಣಿಗೂ ಬೀಳದೆ ಇರಬಲ್ಲದು. ಅಷ್ಟರಲ್ಲಿ ಅದರ ಮೇಲೆ ಇನ್ನೆರಡು ಆವೃತ್ತಿ ಏರಿರುತ್ತವೆ. ನನ್ನ ಪಾಲಿಗೆ ಜಾಂಗೊದ ಜೋರು ಬೀಳುವಿಕೆಯೇ ವಾಸಿ.

ರಾತ್ರಿಯೆಲ್ಲ ಕಾವಲಿಗಿದ್ದ ಯಂತ್ರ ಏನು ಮಾಡುತ್ತಿತ್ತು ಎಂದೂ ಕೇಳಬೇಕು. ಆ್ಯಪ್ ಬದುಕಿದೆಯೇ ಎಂದು ಆಗಾಗ ಬಂದು ತಟ್ಟಿ ನೋಡುವ ವ್ಯವಸ್ಥೆ ಎಲ್ಲ ಕಡೆಯೂ ಇರುತ್ತದೆ. ಹೆಚ್ಚಿನ ಕಡೆ ಅದು ತಟ್ಟುವ ಪುಟ ಡೇಟಾಬೇಸಿಗೆ `SELECT 1` ಎಂದು ಕೇಳಿ, ಉತ್ತರ ಬಂದರೆ ‘ಆರೋಗ್ಯ’ ಎನ್ನುತ್ತದೆ. ಈ ಪ್ರಶ್ನೆಗೆ ಯಾವ ಟೇಬಲ್ಲೂ ಬೇಡ. ಹಾಗಾಗಿ ಹಳೇ ಸ್ಕೀಮಾದ ಮುಂದೆ ಕೂತ ಹೊಸ ಕೋಡು ರಾತ್ರಿಯಿಡೀ ಹಸಿರು ದೀಪ ತೋರಿಸಿತು. ಇನ್ನೊಂದು ತಮಾಷೆಯೂ ಇದೆ: ಓಡಿಸದ ಮೈಗ್ರೇಷನ್ ಉಳಿದಿದ್ದರೆ ಜಾಂಗೊ ಎಚ್ಚರಿಸುತ್ತದೆ, ಆದರೆ ಮುಖ್ಯವಾಗಿ ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಓಡಿಸುವ `runserver` ಆದೇಶದಲ್ಲಿ. ರೈಲ್ಸ್ ಕೂಡ ಹಾಗೇ, ಅಭಿವೃದ್ಧಿಯ ಹಂತದಲ್ಲಿ ಪುಟವನ್ನೇ ತಡೆದು ನಿಲ್ಲಿಸುತ್ತದೆ, ನಿಜವಾದ ಸರ್ವರಿನಲ್ಲಿ ತಾನಾಗಿ ಏನೂ ಹೇಳುವುದಿಲ್ಲ.

ಬೆಳಗ್ಗೆ ಫೋನ್ ಬಂದಾಗ ಕೇಳಬೇಕಾದ ಪ್ರಶ್ನೆ ಎರಡು. ಲೆಕ್ಕದ ಪುಸ್ತಕ ಏನು ಹೇಳುತ್ತದೆ? ಟೇಬಲ್ ಏನು ಹೇಳುತ್ತದೆ? ಯಾವ ಮೈಗ್ರೇಷನ್ ಮುಗಿದಿದೆ ಎಂಬ ಲೆಕ್ಕವನ್ನು ಜಾಂಗೊ ಡೇಟಾಬೇಸಿನೊಳಗೇ `django_migrations` ಎಂಬ ಟೇಬಲ್‌ನಲ್ಲಿ ಇಟ್ಟಿರುತ್ತದೆ. ಅದನ್ನು ನೋಡುವ ಆದೇಶ:

```
python manage.py showmigrations clinic
 [X] 0041_doctor_room
 [ ] 0042_patient_whatsapp_ok
```

ಆವರಣದ ಒಳಗೆ ಎಕ್ಸ್ ಇದ್ದರೆ ಮುಗಿದಿದೆ, ಖಾಲಿ ಇದ್ದರೆ ಇಲ್ಲ. 41 ಮುಗಿದಿದೆ ಎಂಬುದನ್ನು ಗಮನಿಸಿ. ಅದೂ ಅದೇ ರಾತ್ರಿ ಓಡಿದ್ದಾಗಿರಬಹುದು. ಒಂದೊಂದು ಫೈಲಿಗೂ ಬೇರೆ ಬೇರೆ ಟ್ರಾನ್ಸಾಕ್ಷನ್ ಆದ್ದರಿಂದ 42 ಸೋತರೂ 41 ಉಳಿದುಕೊಳ್ಳುತ್ತದೆ. ಹಳೇ ಕೋಡಿಗೆ ಮರಳುವ ಮೊದಲು 41 ಏನು ಮಾಡಿದೆ ಎಂದೂ ನೋಡಬೇಕು. ಬಳಿಕ ಪೋಸ್ಟ್‌ಗ್ರೆಸ್‌ನ `psql` ಒಳಗೆ ಹೋಗಿ `\d clinic_patient` ಎಂದರೆ ಟೇಬಲ್‌ನಲ್ಲಿ ನಿಜಕ್ಕೂ ಯಾವ ಕಾಲಂಗಳಿವೆ ಎಂದು ಕಾಣುತ್ತದೆ. ಪುಸ್ತಕವೂ ಟೇಬಲ್ಲೂ ಒಂದೇ ಮಾತು ಹೇಳಿದರೆ ಸಮಾಧಾನ. ನಮ್ಮ ಕಥೆಯಲ್ಲಿ ಎರಡೂ 42 ಆಗಿಲ್ಲ ಎನ್ನುತ್ತವೆ. 41 ಡಾಕ್ಟರ ಟೇಬಲ್‌ಗೆ ಖಾಲಿ ಬಿಡಬಹುದಾದ ಒಂದು ಕಾಲಂ ಸೇರಿಸಿದೆ, ಹಳೇ ಕೋಡಿಗೆ ಅದು ಲೆಕ್ಕಕ್ಕಿಲ್ಲ. ಹಾಗಾದರೆ ಮಾಡಬೇಕಾದ್ದು ಒಂದೇ, ನಿನ್ನೆಯ ಕೋಡನ್ನು ಮತ್ತೆ ಏರಿಸುವುದು. ಹಳೇ ಟೇಬಲ್, ಹಳೇ ಕೋಡು. ಸರ್ವಿಸ್ ಮತ್ತೆ ಶುರುವಾಗುವಷ್ಟರಲ್ಲಿ ಕೌಂಟರ್ ನಡೆಯುತ್ತದೆ.

ಇಷ್ಟು ಸುಲಭದ ಮದ್ದು ಕೈಯಲ್ಲಿದ್ದರೂ ಫೋನಿನ ಮೇಲೆ ಫೋನು ಬರುತ್ತಿರುವಾಗ ಜನ ಬೇರೆ ದಾರಿ ಹಿಡಿಯುತ್ತಾರೆ. ಎರರ್ ‘ಕಾಲಂ ಇಲ್ಲ’ ಎನ್ನುತ್ತಿದೆ, ಕಾಲಂ ಸೇರಿಸಿಬಿಟ್ಟರಾಯಿತಲ್ಲ ಎಂದು `psql` ತೆರೆದು ಕೈಯಾರೆ ಸೇರಿಸುತ್ತಾರೆ. ಪುಟಗಳು ತೆರೆದುಕೊಳ್ಳುತ್ತವೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಪುಸ್ತಕದಲ್ಲಿ 42 ಇನ್ನೂ ಖಾಲಿ. ಮುಂದಿನ ಸಲ ಡಿಪ್ಲಾಯ್ ಮಾಡಿದಾಗ ಜಾಂಗೊ ಅದನ್ನು ಮತ್ತೆ ಓಡಿಸಲು ಹೋಗುತ್ತದೆ. ಈಗ ಕಾಲಂ ಆಗಲೇ ಇದೆ ಎಂದು ಪೋಸ್ಟ್‌ಗ್ರೆಸ್ ತಡೆಯುತ್ತದೆ. ಆಗ ಯಾರೋ ಬಲ್ಲವರು `migrate --fake` ಎಂಬ ಆದೇಶವನ್ನು ನೆನಪಿಸುತ್ತಾರೆ. ಅದು ಏನನ್ನೂ ಮಾಡದೆ, ಆಯಿತು ಎಂದು ಪುಸ್ತಕದಲ್ಲಿ ಮಾತ್ರ ಗುರುತು ಹಾಕುತ್ತದೆ. 42ರ ಎರಡನೇ ಅರ್ಧ, ಅಂದರೆ ಮೊಬೈಲ್ ನಿಯಮ, ಎಲ್ಲೂ ಇಲ್ಲ. ಪುಸ್ತಕ ಮಾತ್ರ ಇದೆ ಎನ್ನುತ್ತದೆ. ವರ್ಷದ ಮೇಲೆ ಬೇರೊಬ್ಬ ಡೆವಲಪರ್ ಆ ನಿಯಮವನ್ನು ತೆಗೆಯುವ ಮೈಗ್ರೇಷನ್ ಬರೆದಾಗ, ಇಲ್ಲದ್ದನ್ನು ತೆಗೆಯಲಾರೆ ಎಂದು ಡೇಟಾಬೇಸ್ ಜಗಳ ತೆಗೆಯುತ್ತದೆ. ಪಾಪ, ಅವನಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ.

ಸ್ಕೀಮಾ ಪೂರ್ತಿ ಹಳೆಯದಾಗಿ ಉಳಿದದ್ದು ಅದೃಷ್ಟ ಎಂದೆನಲ್ಲ, ಅದು ಇದಕ್ಕೇ. ಇದೇ ಆ್ಯಪ್ ಮೈಎಸ್‌ಕ್ಯೂಎಲ್ ಮೇಲೆ ಓಡುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಅಲ್ಲಿ ಟೇಬಲ್ ಬದಲಿಸುವ ಪ್ರತಿ ಆದೇಶವೂ ಮುಗಿದ ತಕ್ಷಣ ತಾನೇ ಕಾಯಂ ಆಗುತ್ತದೆ. ಟ್ರಾನ್ಸಾಕ್ಷನ್ನಿನಲ್ಲಿ ಸುತ್ತಿದರೂ ಕೇಳುವುದಿಲ್ಲ. 2018ರಲ್ಲಿ ಬಂದ 8.0 ಆವೃತ್ತಿಯಿಂದ ಒಂದೊಂದು ಆದೇಶವೂ ಪೂರ್ತಿಯಾಗಿ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ ಎಂಬ ಭರವಸೆ ಸಿಕ್ಕಿದೆ. ಆದರೆ ಎರಡು ಆದೇಶಗಳನ್ನು ಒಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇಲ್ಲ. ಅಂದರೆ ಹೊಸ ಕಾಲಂ ಉಳಿಯುತ್ತಿತ್ತು, ನಿಯಮ ಇರುತ್ತಿರಲಿಲ್ಲ, ಪುಸ್ತಕದಲ್ಲಿ 42 ಖಾಲಿ. ಹೊಸ ಕೋಡಿನ ಪುಟಗಳು ಅಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದವು. ಮುಂದಿನ ಡಿಪ್ಲಾಯ್‌ವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ರಿಪೇರಿ ಕೈಯಿಂದಲೇ ಆಗಬೇಕು: ಅರ್ಧ ಆದದ್ದನ್ನು ಹುಡುಕಿ ತೆಗೆದು, ಪುಸ್ತಕಕ್ಕೂ ಟೇಬಲ್‌ಗೂ ತಾಳೆ ತಂದು, ಆಮೇಲೆ ಮತ್ತೆ ಓಡಿಸುವುದು.

ಮೈಗ್ರೇಷನ್ ಸೋಲಲು ಮಾಹಿತಿಯ ಹೊಂದಾಣಿಕೆ ತಪ್ಪುವುದೊಂದೇ ಕಾರಣವಲ್ಲ. ಇನ್ನೊಂದು ಸಾಮಾನ್ಯ ಕಾರಣ ಬೀಗ. ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂ ಸೇರಿಸಲು ಆ ಟೇಬಲ್ ಮೇಲೆ ಅತಿ ಗಟ್ಟಿಯಾದ ಬೀಗ ಬೇಕು. ಅದಿರುವಾಗ ಬೇರೆ ಯಾರೂ ಓದುವಂತೆಯೂ ಇಲ್ಲ. ಸೇರಿಸುವ ಕೆಲಸ ಕ್ಷಣಾರ್ಧದ್ದೇ, ಆದರೆ ಬೀಗ ಸಿಗಬೇಕಲ್ಲ. ಅದೇ ಹೊತ್ತಿಗೆ ತಿಂಗಳ ವರದಿಯೊಂದು ರೋಗಿಗಳ ಟೇಬಲನ್ನು ಓದುತ್ತಾ ಕೂತಿದ್ದರೆ ಮೈಗ್ರೇಷನ್ ಕಾಯುತ್ತದೆ. ಅದರ ಹಿಂದೆ ಬಂದ ಪುಟ್ಟ ಪುಟ್ಟ ಓದುಗಳೂ ಅದರ ಬೆನ್ನಿಗೇ ಸಾಲುಗಟ್ಟುತ್ತವೆ. ವರದಿ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ, ಮೈಗ್ರೇಷನ್ ಇನ್ನೂ ಶುರುವೇ ಆಗಿಲ್ಲ, ಆ್ಯಪ್ ಮಾತ್ರ ನಿಂತಿದೆ. ಇದಕ್ಕೆ `SET lock_timeout = '5s';` ಎಂದು ಮಿತಿ ಹಾಕುತ್ತಾರೆ: ಐದು ಸೆಕೆಂಡಿನಲ್ಲಿ ಬೀಗ ಸಿಗದಿದ್ದರೆ ಬಿಟ್ಟುಕೊಟ್ಟು ಹೊರಗೆ ಬಾ. ಒಳ್ಳೆಯ ಅಭ್ಯಾಸ. ಆದರೆ ಹೀಗೆ ಮಾಡಿದವರು ಮೈಗ್ರೇಷನ್ ಆಗಾಗ ಸೋಲಲಿ ಎಂದು ತಾವೇ ಒಪ್ಪಿಕೊಂಡಂತೆ. ಸೋಲನ್ನು ನುಂಗಿಬಿಡುವ ಸ್ಕ್ರಿಪ್ಟಿನ ಜತೆ ಈ ಮಿತಿಯನ್ನು ಇಟ್ಟರೆ ಹೊಸ ಕೋಡು ಹಳೇ ಟೇಬಲ್ ಮುಂದೆ ಎದ್ದು ನಿಲ್ಲುವ ರಾತ್ರಿಗಳು ಇನ್ನೂ ಹೆಚ್ಚುತ್ತವೆ.

ಆದ್ದರಿಂದ ಮೊದಲ ರಿಪೇರಿ ಬಾಗಿಲಲ್ಲಿ. ಸ್ಕ್ರಿಪ್ಟಿಗೆ `pipefail` ಹಾಕುವುದು ಒಂದು. ಆ್ಯಪ್ ಎದ್ದೇಳುವ ಮುನ್ನ `python manage.py migrate --check` ಓಡಿಸುವುದು ಇನ್ನೊಂದು. 2020ರಲ್ಲಿ ಜಾಂಗೊ 3.1ರ ಜತೆ ಬಂದ ಈ ಸೌಲಭ್ಯ, ಓಡಿಸದ ಮೈಗ್ರೇಷನ್ ಒಂದಾದರೂ ಇದ್ದರೆ ಸೋಲಿನ ಸಂಖ್ಯೆ ಬಿಟ್ಟುಹೋಗುತ್ತದೆ. ಹೊಸ ಕೋಡು ಆಗ ಏಳುವುದೇ ಇಲ್ಲ, ಹಳೆಯದು ಹಾಗೇ ಓಡುತ್ತಿರುತ್ತದೆ. ಇದನ್ನೇ ಆಗಾಗ ತಟ್ಟಿ ನೋಡುವ ಆರೋಗ್ಯದ ಪುಟಕ್ಕೂ ಸೇರಿಸೋಣ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಡೇಟಾಬೇಸ್ ಒಂದು ನಿಮಿಷ ತಡವರಿಸಿದರೆ ಎಲ್ಲ ಸರ್ವರುಗಳೂ ಒಟ್ಟಿಗೆ ‘ಅನಾರೋಗ್ಯ’ ಎಂದು ಸಾರಿ, ಇದ್ದಬದ್ದ ಪುಟಗಳೂ ಮುಚ್ಚಿಹೋಗುತ್ತವೆ. ಏಳುವಾಗ ಒಮ್ಮೆ ಕೇಳಿದರೆ ಸಾಕು.

ಎರಡನೆಯದು, ಕೋಡು ಮತ್ತು ಟೇಬಲ್ ಒಂದೇ ಕ್ಷಣದಲ್ಲಿ ಬದಲಾಗುತ್ತವೆ ಎಂಬ ಆಸೆಯನ್ನೇ ಬಿಡುವುದು. ಎಲ್ಲವೂ ಸರಿಯಾಗಿ ನಡೆದರೂ ಮೈಗ್ರೇಷನ್ ಮುಗಿದು ಹೊಸ ಕೋಡು ಏಳುವ ತನಕ ಹಳೇ ಕೋಡು ಹೊಸ ಟೇಬಲ್ ಮುಂದೆ ಕೂತಿರುತ್ತದೆ. ಇಲ್ಲಿ ಜಾಂಗೊದ ಒಂದು ಹಳೆಯ ಚಾಳಿ ಕಾಡುತ್ತದೆ. ಕಾಲಂ ಖಾಲಿ ಇರಬಾರದು, ಹೇಳದಿದ್ದರೆ ‘ಇಲ್ಲ’ ಎಂದು ತಿಳಿ ಎಂದು ಕೋಡಿನಲ್ಲಿ ಬರೆದರೆ, ಇದ್ದ ಸಾಲುಗಳಿಗೆಲ್ಲ ‘ಇಲ್ಲ’ ತುಂಬಿ, ಆಮೇಲೆ ಆ ಪೂರ್ವನಿಯೋಜಿತ ಬೆಲೆಯನ್ನು ಡೇಟಾಬೇಸಿನಿಂದ ತೆಗೆದುಬಿಡುತ್ತದೆ. ಹೊಸ ಕಾಲಮಿನ ಸುದ್ದಿಯೇ ಗೊತ್ತಿಲ್ಲದ ಹಳೇ ಕೋಡು ಆಗ ಒಬ್ಬ ಹೊಸ ರೋಗಿಯನ್ನು ಸೇರಿಸಲು ಹೋದರೆ, ಖಾಲಿ ಬಿಡುವಂತಿಲ್ಲ ಎಂದು ಡೇಟಾಬೇಸ್ ತಳ್ಳಿಹಾಕುತ್ತದೆ. 2023ರ ಕೊನೆಗೆ ಬಂದ ಜಾಂಗೊ 5.0ರಲ್ಲಿ ಬೆಲೆಯನ್ನು ಡೇಟಾಬೇಸಿನಲ್ಲೇ ಉಳಿಸುವ `db_default` ಸೇರಿತು. ಅದಕ್ಕೂ ಹಿಂದಿನ ಆವೃತ್ತಿ ಬಳಸುವವರು ಕಾಲಮನ್ನು ಮೊದಲು ಖಾಲಿ ಬಿಡಬಹುದಾದದ್ದಾಗಿ ಸೇರಿಸುವುದು ಕ್ಷೇಮ.

ಹೀಗೆ ಯೋಚಿಸಿದರೆ 42ನ್ನು ಒಡೆಯಬೇಕಿತ್ತು ಎಂಬುದು ಕಾಣುತ್ತದೆ. ಮೊದಲ ದಿನ ಕಾಲಂ ಮಾತ್ರ, ಕೋಡಿನಲ್ಲಿ ಬದಲಾವಣೆ ಇಲ್ಲ. ಅದು ಸೋತರೂ ಕೇಳುವವರಿಲ್ಲ, ಮರುದಿನ ಮತ್ತೆ ಓಡಿಸಬಹುದು. ಕಾಲಂ ಕೂತದ್ದನ್ನು ಕಣ್ಣಾರೆ ನೋಡಿದ ಮೇಲೆ ಅದನ್ನು ಬಳಸುವ ಕೋಡು. ನಿಯಮ ಹಾಕುವುದು ಕೊನೆಗೆ, ಅದೂ ಈ ಪ್ರಶ್ನೆಗೆ ಉತ್ತರ ಸಿಕ್ಕ ಬಳಿಕ:

```
SELECT mobile, count(*) FROM clinic_patient
GROUP BY mobile HAVING count(*) > 1;
```

ಒಂದಕ್ಕಿಂತ ಹೆಚ್ಚು ರೋಗಿಗಳ ಹೆಸರಿನಲ್ಲಿರುವ ನಂಬರುಗಳೆಲ್ಲ ಇದರಿಂದ ಹೊರಬರುತ್ತವೆ. ನಿಜವಾದ ಸರ್ವರಿನ ಒಂದು ನಕಲಿನ ಮೇಲೆ ಹಿಂದಿನ ವಾರ ಇದನ್ನು ಓಡಿಸಿದ್ದರೆ, ಪುಟಗಟ್ಟಲೆ ನಂಬರುಗಳು ಬಂದು ಡೆವಲಪರ್ ಕೌಂಟರಿನವರನ್ನು ಕೇಳುತ್ತಿದ್ದ. ಫೋನಿಲ್ಲದ ಅಜ್ಜಿಗೆ ಮಗನ ನಂಬರು, ಹಸುಗೂಸಿಗೆ ತಾಯಿಯ ನಂಬರು ಬರೆಯುವುದು ಅವರ ನಿತ್ಯದ ಪದ್ಧತಿ, ಅದು ಸರಿಯೂ ಹೌದು. ಸರಿಯಿಲ್ಲದ್ದು ‘ಒಂದು ನಂಬರಿಗೆ ಒಬ್ಬ’ ಎಂಬ ನಿಯಮವೇ.

ನಿಯಮ ಬಿಟ್ಟುಹೋದ ಮೇಲೂ ನಂಬರು ಹಾಕಿ ಬೇಗ ಹುಡುಕಲು ಒಂದು ಸಾಮಾನ್ಯ ಇಂಡೆಕ್ಸ್ ಬೇಕಾಗುತ್ತದೆ. ಅದನ್ನು `CREATE INDEX CONCURRENTLY` ಎಂದು ಕಟ್ಟಿಸಿದರೆ ಕಟ್ಟುತ್ತಿರುವಾಗಲೂ ಕೌಂಟರಿನವರು ಬರೆಯುತ್ತಿರಬಹುದು. ಆದರೆ ಈ ಆದೇಶ ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲ, ಮೈಗ್ರೇಷನ್ ಫೈಲಿನಲ್ಲಿ `atomic = False` ಎಂದು ಬರೆಯಬೇಕು. ನಡುವೆ ಸೋತರೆ ಪೋಸ್ಟ್‌ಗ್ರೆಸ್ ಕೂಡ ಆಗ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. `\d` ಕೊಟ್ಟು ನೋಡಿದರೆ ಅರ್ಧ ಕಟ್ಟಿದ ಇಂಡೆಕ್ಸಿನ ಪಕ್ಕದಲ್ಲಿ `INVALID` ಎಂದಿರುತ್ತದೆ. ಅದನ್ನು `DROP INDEX` ಮಾಡಿ, ಮೊದಲಿನಿಂದ ಮತ್ತೆ ಕಟ್ಟಿಸಬೇಕು.